ಏಳು ಸೆಂಟಿಮೀಟರ್ ಸರಿದರೆ ಹಳತಾಗುವ ಲೆಕ್ಕ

ಕೊಪ್ಪಕ್ಕೂ ಶೃಂಗೇರಿಗೂ ರೈಲು ಬಂದಿಲ್ಲ. ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ತರೀಕೆರೆಯಿಂದ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಓಡಾಡುತ್ತಿತ್ತು. ಅದು ನಿಂತು ದಶಕಗಳೇ ಕಳೆದವು. ಈಗ ಈ ಮೂರು ತಾಲ್ಲೂಕಿನವರು ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕೆಂದರೆ ಶಿವಮೊಗ್ಗಕ್ಕೋ ತರೀಕೆರೆಗೋ ಬೀರೂರು, ಕಡೂರಿಗೋ ಬಸ್ಸು ಹಿಡಿಯಬೇಕು. ಬಸ್ಸಿನಲ್ಲಿ ಗುಡ್ಡ, ಕಾಡಿನ ಮರೆಯಲ್ಲಿ ಸತ್ತಂತಿದ್ದ ಮೊಬೈಲು ಬಯಲುಸೀಮೆ ಬಂದೊಡನೆ ಎದ್ದು ಕೂರುತ್ತದೆ. ಆದರೆ ಜನಶತಾಬ್ದಿ ಹತ್ತಿ, ರೈಲು ವೇಗ ಹಿಡಿದ ಮೇಲೆ ಸಿಗ್ನಲ್ಲಿನ ಕಡ್ಡಿಗಳು ಪೂರ್ತಿ ಇದ್ದರೂ ವಿಡಿಯೊ ಮುಗ್ಗರಿಸುವುದುಂಟು. ಎರಡಕ್ಕೂ ಜನ ಹೇಳುವುದು ಒಂದೇ ಮಾತು: ‘ನೆಟ್‌ವರ್ಕ್ ಇಲ್ಲ’. ಮಲೆನಾಡಿನ ಸಮಸ್ಯೆ ತರಂಗವೇ ತಲುಪದಿರುವುದು. ರೈಲಿನದು ಹಾಗಲ್ಲ. ಅಲ್ಲಿ ತರಂಗ ತಲುಪುತ್ತದೆ. ಅದನ್ನು ಓದುವುದರಲ್ಲಿ ತೊಡಕಿದೆ.

ಟವರಿನ ಕಡೆಗೆ ಸಾಗುವ ಮೊಬೈಲಿಗೆ ರೇಡಿಯೊ ಅಲೆಗಳು ಸೆಕೆಂಡಿಗೆ ತುಸು ಹೆಚ್ಚು ಸಂಖ್ಯೆಯಲ್ಲಿ ಸಿಗುತ್ತವೆ, ಟವರಿನಿಂದ ದೂರ ಸರಿಯುವಾಗ ತುಸು ಕಡಿಮೆ. ಇದೇ ಡಾಪ್ಲರ್ ಪಲ್ಲಟ. ರೈಲಿನ ವೇಗವನ್ನು ಬೆಳಕಿನ ವೇಗದಿಂದ ಭಾಗಿಸಿ, ಬಂದದ್ದನ್ನು ತರಂಗದ ಆವರ್ತನದಿಂದ ಗುಣಿಸಿದರೆ ಪಲ್ಲಟದ ಗರಿಷ್ಠ ಪ್ರಮಾಣ ಸಿಗುತ್ತದೆ. ಗಂಟೆಗೆ 110 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 30.6 ಮೀಟರ್. 4ಜಿಯಲ್ಲಿ ಸಾಮಾನ್ಯವಾದ 1800 ಮೆಗಾಹರ್ಟ್ಸ್ ತರಂಗಕ್ಕೆ ಈ ವೇಗದಲ್ಲಿ ಪಲ್ಲಟ 183 ಹರ್ಟ್ಸ್. ನೂರಾಎಂಬತ್ತು ಕೋಟಿಯಲ್ಲಿ 183!

ಇಷ್ಟು ಸಣ್ಣ ವ್ಯತ್ಯಾಸದಿಂದ ಏನಾದೀತು? ತರಂಗ ಒಂದೇ ದಿಕ್ಕಿನಿಂದ ಬಂದರೆ ನಿಜಕ್ಕೂ ಹೆಚ್ಚೇನೂ ಆಗುವುದಿಲ್ಲ. ಇಡೀ ಸಿಗ್ನಲ್ 183 ಹರ್ಟ್ಸ್ ಮೇಲೆ ಸರಿದಿದೆ ಎಂದು ಮೊಬೈಲು ಕಂಡುಕೊಂಡು ತನ್ನ ಶ್ರುತಿಯನ್ನು ಅಷ್ಟೇ ಸರಿಸಿಕೊಳ್ಳುತ್ತದೆ. ಅದರಿಂದ ಹುಟ್ಟುವ ಹೊಸ ಫಜೀತಿ ಟವರಿನದು. ಸರಿಸಿಕೊಂಡ ಶ್ರುತಿಯಲ್ಲೇ ಮೊಬೈಲು ಉತ್ತರ ಕಳಿಸುತ್ತದೆ, ಅದೂ ದಾರಿಯಲ್ಲಿ ಇನ್ನೊಮ್ಮೆ ಸರಿಯುತ್ತದೆ. ಹಾಗಾಗಿ ಟವರಿಗೆ ಕಾಣುವ ಪಲ್ಲಟ ಹೆಚ್ಚುಕಡಿಮೆ ಎರಡರಷ್ಟು.

ನಿಜವಾದ ಕಷ್ಟ ಶುರುವಾಗುವುದು ತರಂಗಗಳು ಹಲವು ಕಡೆಯಿಂದ ಬಂದಾಗ. ಒಂದು ಕಿರಣ ಮುಂದಿನ ಟವರಿನಿಂದ ನೇರವಾಗಿ, ಇನ್ನೊಂದು ಹಿಂದೆ ಬಿಟ್ಟ ಗೋದಾಮಿನ ತಗಡಿಗೆ ಬಡಿದು, ಮತ್ತೊಂದು ಪಕ್ಕದ ಹಳಿಯ ಗೂಡ್ಸ್ ಗಾಡಿಯಿಂದ ಚಿಮ್ಮಿ ಬರುತ್ತದೆ. ಮುಂದಿನದು 183 ಹರ್ಟ್ಸ್ ಏರಿರುತ್ತದೆ, ಹಿಂದಿನದು ಅಷ್ಟೇ ಇಳಿದಿರುತ್ತದೆ, ಪಕ್ಕದ್ದು ಇವೆರಡರ ನಡುವೆ ಎಲ್ಲೋ ಇರುತ್ತದೆ. ಯಾವುದಕ್ಕೆ ಶ್ರುತಿ ಮಾಡಿಕೊಳ್ಳುವುದು? ಈ ಕಿರಣಗಳು ಒಂದನ್ನೊಂದು ಕೂಡಿ ಒಮ್ಮೆ ಬಲಗೊಳ್ಳುತ್ತವೆ, ಮರುಕ್ಷಣ ಒಂದನ್ನೊಂದು ಅಳಿಸಿಹಾಕುತ್ತವೆ.

ಈ ಕೂಡಿಕೆ ಎಷ್ಟು ಹೊತ್ತು ಬದಲಾಗದೆ ಉಳಿಯುತ್ತದೋ ಆ ಹೊತ್ತಿಗೆ ಕೊಹೆರೆನ್ಸ್ ಅವಧಿ ಎನ್ನುತ್ತಾರೆ. ಎಲ್ಲ ದಿಕ್ಕಿನಿಂದಲೂ ಕಿರಣಗಳು ಬರುತ್ತಿವೆ ಎಂದುಕೊಂಡರೆ, 0.423 ಅನ್ನು ಡಾಪ್ಲರ್ ಪಲ್ಲಟದಿಂದ ಭಾಗಿಸುವುದು ಎಂಜಿನಿಯರುಗಳ ರೂಢಿಯ ಲೆಕ್ಕ. 183 ಹರ್ಟ್ಸ್‌ಗೆ ಅದು 2.3 ಮಿಲಿಸೆಕೆಂಡು. ಅಷ್ಟರಲ್ಲಿ ರೈಲು ಸಾಗುವುದು ಸುಮಾರು 7 ಸೆಂಟಿಮೀಟರ್. ಈ ದೂರಕ್ಕೂ ವೇಗಕ್ಕೂ ಸಂಬಂಧವಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. 1800 ಮೆಗಾಹರ್ಟ್ಸ್‌ನ ತರಂಗಾಂತರ 16.7 ಸೆಂಟಿಮೀಟರ್, ಅದರಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಸರಿದರೆ ಸಾಕು, ಕಿರಣಗಳ ಕೂಡಿಕೆ ಬೇರೆಯೇ ಆಗುತ್ತದೆ. ನರಸಿಂಹರಾಜಪುರದಿಂದ ಕೊಪ್ಪಕ್ಕೆ 40 ಕಿ.ಮೀ. ವೇಗದಲ್ಲಿ ಹೋಗುವ ಬಸ್ಸಿಗೂ ಅದೇ 7 ಸೆಂಟಿಮೀಟರ್. ಬಸ್ಸು ಅದನ್ನು 6.3 ಮಿಲಿಸೆಕೆಂಡಿನಲ್ಲಿ ದಾಟುತ್ತದೆ, ರೈಲು 2.3ರಲ್ಲಿ.

ಮೊಬೈಲು ಈ ಬದಲಾವಣೆಯ ಬೆನ್ನು ಹತ್ತುವ ಬಗೆಯನ್ನೇ ಚಾನೆಲ್ ಅಂದಾಜು ಎನ್ನುವುದು. ಅಡಿಕೆ ಮಂಡಿಯಲ್ಲಿ ತಕ್ಕಡಿಯ ಮೇಲೆ ಅನುಮಾನ ಬಂದರೆ ಗೊತ್ತಿರುವ ತೂಕದ ಬೊಟ್ಟನ್ನು ಇಟ್ಟು ನೋಡುತ್ತಾರಲ್ಲ, ಹಾಗೆ. ಟವರು ನಡುನಡುವೆ ಪೈಲಟ್ ಎಂಬ ಸಂಕೇತಗಳನ್ನು ಕಳಿಸುತ್ತದೆ. ಅವು ಹೇಗಿರುತ್ತವೆಂದು ಮೊಬೈಲಿಗೆ ಮೊದಲೇ ತಿಳಿದಿರುತ್ತದೆ. ಬಂದದ್ದನ್ನು ಬರಬೇಕಾದದ್ದರಿಂದ ಭಾಗಿಸಿದರೆ ದಾರಿಯಲ್ಲಿ ಸಿಗ್ನಲ್ ಎಷ್ಟು ಸೊರಗಿದೆ, ಎಷ್ಟು ಡಿಗ್ರಿ ತಿರುಗಿದೆ ಎಂಬುದು ಸಿಗುತ್ತದೆ. ಎರಡು ಪೈಲಟ್‌ಗಳ ನಡುವಿನ ದತ್ತಾಂಶವನ್ನು ಆ ಲೆಕ್ಕದಿಂದ ತಿದ್ದಿಕೊಳ್ಳುತ್ತದೆ. ತಕ್ಕಡಿ ಬೇಗ ಬೇಗ ಕೆಡುತ್ತಿದ್ದರೆ ಬೊಟ್ಟು ಇಡುವುದೂ ಹೆಚ್ಚಬೇಕು, ಅಷ್ಟು ಹೊತ್ತು ಅಡಿಕೆ ತೂಗುವುದು ನಿಲ್ಲುತ್ತದೆ.

4ಜಿ ಈ ವಿಷಯದಲ್ಲಿ ಧಾರಾಳಿ. ಒಂದು ಮಿಲಿಸೆಕೆಂಡಿನಲ್ಲಿ 14 ಸಂಕೇತಗಳು ಸಾಗುತ್ತವೆ. ಅವುಗಳಲ್ಲಿ ನಾಲ್ಕು ಕಡೆ ಪೈಲಟ್‌ಗಳು ಹರಡಿಕೊಂಡಿರುತ್ತವೆ. ಅಂದರೆ ರೈಲು ಸುಮಾರು 8 ಮಿಲಿಮೀಟರ್ ಸರಿಯುವಷ್ಟರಲ್ಲಿ ಹೊಸ ಅಳತೆ ಕೈಗೆ ಬಂದಿರುತ್ತದೆ. 7 ಸೆಂಟಿಮೀಟರಿಗೆ ಹೋಲಿಸಿದರೆ ಇದು ಬೇಕಾದಷ್ಟಾಯಿತು. ಗಂಟೆಗೆ 350 ಕಿ.ಮೀ. ಓಡುವ ರೈಲುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಈ ವ್ಯವಸ್ಥೆ ರೂಪುಗೊಂಡಿದೆ. ಆದ್ದರಿಂದ ಬೀರೂರು–ಕಡೂರಿನ ನಡುವೆ 4ಜಿ ಮುಗ್ಗರಿಸಿದರೆ ಡಾಪ್ಲರನ್ನು ದೂರುವುದು ಅನ್ಯಾಯ. ಬೋಗಿಯ ಲೋಹದ ಮೈ, ಒಂದು ಟವರಿನಿಂದ ಇನ್ನೊಂದಕ್ಕೆ ನೂರಾರು ಪ್ರಯಾಣಿಕರ ಮೊಬೈಲುಗಳು ಒಟ್ಟಿಗೇ ಜಿಗಿಯುವುದು, ಇವೇ ಹೆಚ್ಚಿನ ಸಲ ಕಾರಣ.

3.5 ಗಿಗಾಹರ್ಟ್ಸ್ ಆಸುಪಾಸಿನ 5ಜಿಯ ಕಥೆ ಬೇರೆ. ಅದೇ ರೈಲು, ಅದೇ ವೇಗ. ಪಲ್ಲಟ 356 ಹರ್ಟ್ಸ್, ಕೊಹೆರೆನ್ಸ್ ಅವಧಿ 1.2 ಮಿಲಿಸೆಕೆಂಡು, ದೂರ 3.6 ಸೆಂಟಿಮೀಟರ್. ಇಲ್ಲಿ ದತ್ತಾಂಶ ಅರ್ಧ ಮಿಲಿಸೆಕೆಂಡಿನ ಕಂತುಗಳಲ್ಲಿ ಬರುತ್ತದೆ. ಕಂತಿನ ಮೊದಲಿಗೆ ಒಂದೇ ಸಾಲು ಪೈಲಟ್ ಇಟ್ಟರೆ, ಕಂತು ಮುಗಿಯುವ ಹೊತ್ತಿಗೆ 356 ಹರ್ಟ್ಸ್ ಪಲ್ಲಟಗೊಂಡ ಕಿರಣ 50 ಡಿಗ್ರಿಗೂ ಹೆಚ್ಚು ತಿರುಗಿರುತ್ತದೆ. ಅತಿ ಸರಳವಾದ ನಾಲ್ಕು ಸ್ಥಿತಿಗಳ ಸಂಕೇತದಲ್ಲೂ 45 ಡಿಗ್ರಿ ತಪ್ಪಿದರೆ ಒಂದನ್ನು ಇನ್ನೊಂದೆಂದು ಓದಿಬಿಡುವ ಅಪಾಯವಿದೆ. ಅದಕ್ಕಾಗಿಯೇ ಕಂತಿನ ನಡುವೆ ಇನ್ನೂ ಒಂದರಿಂದ ಮೂರು ಸಾಲು ಪೈಲಟ್ ಸೇರಿಸಲು 5ಜಿಯಲ್ಲಿ ಅವಕಾಶ ಕೊಟ್ಟಿದ್ದಾರೆ. ಆದರೆ 14ರಲ್ಲಿ ಒಂದು ಸಾಲನ್ನು ಬಿಟ್ಟುಕೊಟ್ಟರೆ ದತ್ತಾಂಶದ ಜಾಗದಲ್ಲಿ ಶೇ. 7ರಷ್ಟು ಹೋದಂತೆ.

ಇದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಟವರಿನ ತುದಿಯಲ್ಲಿ. 3.5 ಗಿಗಾಹರ್ಟ್ಸ್‌ನ 5ಜಿಗೆ ವೇಗ ಬರುವುದು ಹತ್ತಾರು ಪುಟ್ಟ ಆಂಟೆನಾಗಳು ಒಟ್ಟಾಗಿ ತರಂಗವನ್ನು ಒಬ್ಬೊಬ್ಬರ ಕಡೆಗೂ ಗುರಿಯಿಟ್ಟು ಬಿಡುವುದರಿಂದ. ಗುರಿಯಿಡಲು ಟವರಿಗೂ ಚಾನೆಲ್ಲಿನ ಸ್ಥಿತಿ ಗೊತ್ತಿರಬೇಕು. ಆ ಮಾಹಿತಿ 20 ಮಿಲಿಸೆಕೆಂಡಿಗೊಮ್ಮೆ ಹೊಸದಾಗುತ್ತದೆ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ರೈಲು 61 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಅಂದರೆ ಕೂಡಿಕೆ 17 ಸಲ ಬದಲಾಗುವಷ್ಟು ದೂರ. ಟವರು ಗುರಿಯಿಡುತ್ತಿರುವುದು ಪ್ರಯಾಣಿಕ ಮೊದಲು ಇದ್ದ ಜಾಗದ ಲೆಕ್ಕಕ್ಕೆ. ಕೊನೆಗೆ ಅದು ಸೂಕ್ಷ್ಮ ಗುರಿಯನ್ನು ಕೈಬಿಟ್ಟು ಅಗಲವಾದ ಕಿರಣಕ್ಕೆ ಇಳಿಯುತ್ತದೆ, 5ಜಿ ತನ್ನ ಹೆಚ್ಚುಗಾರಿಕೆಯ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಮೊಬೈಲಿನ ಮೇಲೆ ‘5G’ ಎಂಬ ಗುರುತು ಮಾತ್ರ ಹಾಗೇ ಇರುತ್ತದೆ!

ತೊಂದರೆ ಯಾವುದರದೆಂದು ಪ್ರಯಾಣಿಕರೇ ಒಂದು ಮಟ್ಟಿಗೆ ಪತ್ತೆ ಮಾಡಬಹುದು. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿದರೆ ಸಿಗ್ನಲ್ಲಿನ ಬಲ dBm ಅಳತೆಯಲ್ಲಿ ಕಾಣುತ್ತದೆ. ಅದು −115ರ ಹತ್ತಿರಕ್ಕೆ ಕುಸಿದಿದ್ದರೆ ರೈಲಿನ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ, ಟವರು ದೂರವಿದೆ ಅಥವಾ ಮರೆಯಾಗಿದೆ. −85ರ ಆಸುಪಾಸಿನಲ್ಲಿ ಗಟ್ಟಿಯಾಗಿದ್ದೂ ಡೌನ್‌ಲೋಡ್ ಕುಂಟುತ್ತಿದ್ದರೆ ವೇಗದ ಮೇಲೆ ಅನುಮಾನ ಪಡಬಹುದು. ರೈಲು ಕಡೂರು ಸ್ಟೇಷನ್ನಿನಲ್ಲಿ ನಿಂತಾಗ ಸರಿಹೋಯಿತು ಎಂಬುದಷ್ಟೇ ಪುರಾವೆಯಾಗದು. ಊರೊಳಗೆ ಟವರುಗಳೂ ಹತ್ತಿರವಿರುತ್ತವೆ. ಅದೇ ಜಾಗವನ್ನು ಪ್ಯಾಸೆಂಜರ್ ಗಾಡಿಯಲ್ಲಿ ನಿಧಾನವಾಗಿ ದಾಟುವಾಗಲೂ ಅಳೆದು ಹೋಲಿಸಬೇಕು. ಜೊತೆಗೆ ಸೆಟ್ಟಿಂಗ್ಸ್‌ನಲ್ಲಿ 5ಜಿಯನ್ನು ನಿಲ್ಲಿಸಿ 4ಜಿಯಲ್ಲೇ ನೋಡಬೇಕು. ವೇಗದ ಗಾಡಿಯಲ್ಲಿ 4ಜಿ ನೆಟ್ಟಗೆ ನಡೆದು 5ಜಿ ಮಾತ್ರ ತಡವರಿಸಿದರೆ ಹಳತಾದ ಲೆಕ್ಕದ ಮೇಲಿನ ಅನುಮಾನ ಬಲವಾಗುತ್ತದೆ.

ಆವರ್ತನ ಇಳಿದಷ್ಟೂ ಈ ಕಾಟ ತಗ್ಗುತ್ತದೆ. ರೈಲ್ವೆಯ ಸುರಕ್ಷತೆ ಮತ್ತು ಸಿಗ್ನಲಿಂಗ್ ಸಂವಹನಕ್ಕಾಗಿ ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಮಂಜೂರು ಮಾಡಿದ್ದು 700 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ 5 ಮೆಗಾಹರ್ಟ್ಸ್ ತರಂಗಗುಚ್ಛ. ಆ ಬ್ಯಾಂಡಿನಲ್ಲಿ ರೈಲು ಗಂಟೆಗೆ 160 ಕಿ.ಮೀ. ಓಡಿದರೂ ಪಲ್ಲಟ ಸುಮಾರು 104 ಹರ್ಟ್ಸ್. ಜನಶತಾಬ್ದಿಯಲ್ಲಿ ಕೂತವರ 1800 ಮೆಗಾಹರ್ಟ್ಸ್ ಫೋನು ಈಗ ನಿಭಾಯಿಸುತ್ತಿರುವುದಕ್ಕಿಂತ ಕಡಿಮೆ.