ಐದಡಿ ದಾಟಿದ ಟ್ರೆಂಚು: ಹೊಸ ಕೆಲಸಗಾರರಿಗೆ ಮೊದಲ ದಿನ ನಾನು ಹೇಳೋ ಮಾತು

(ಸಂಚಿಕೆಯ ಬರಹ ರೂಪ. ಮಾತಾಡಿದವರು ನೀರಿನ ಪೈಪ್‌ಲೈನ್ ಕಾಮಗಾರಿಯ ಸೈಟ್ ಇಂಜಿನಿಯರ್.)

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಬೈಕಲ್ಲಿ ಓಡಾಡೋರು ಇದನ್ನ ನೋಡೇ ಇರ್ತೀರಿ. ರಸ್ತೆ ಪಕ್ಕ ಉದ್ದಕ್ಕೆ ಅಗೆದ ಗುಂಡಿ, ಒಂದು ಬದಿಗೆ ಮಣ್ಣಿನ ರಾಶಿ, ಇನ್ನೊಂದು ಬದಿಗೆ ಸಾಲಾಗಿ ಮಲಗಿಸಿಟ್ಟ ಪೈಪು. ಕುಡಿಯೋ ನೀರಿನ ಲೈನ್ ಇರಬಹುದು, ತುಂಗಭದ್ರೆಯ ನೀರನ್ನ ಜಗಳೂರಿನ 57 ಕೆರೆಗಳಿಗೆ ತುಂಬಿಸೋ ಯೋಜನೆಯಂಥ ದೊಡ್ಡ ಲೈನ್ ಇರಬಹುದು. ಆ ಉದ್ದದ ಗುಂಡಿಗೆ ಸೈಟಿನಲ್ಲಿ ನಾವು ಟ್ರೆಂಚ್ ಅಂತೀವಿ.

ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ದಿನ ಬೆಳಿಗ್ಗೆ ನಾನು ಐದೇ ನಿಮಿಷ ಮಾತಾಡ್ತೀನಿ. ಹೆಲ್ಮೆಟ್, ಶೂ, ಜಾಕೆಟ್ ಕೊಟ್ಟು ಹಾಕಿಸ್ತೀವಿ, ಅದು ಬೇರೆ. ಮಾತಾಡೋದು ಮಾತ್ರ ಮಣ್ಣಿನ ಬಗ್ಗೆ. ಯಾಕಂದ್ರೆ ಪೈಪ್‌ಲೈನ್ ಕೆಲಸದಲ್ಲಿ ಜೀವ ತೆಗೆಯೋದು ಮುಖ್ಯವಾಗಿ ಮಣ್ಣು ಕುಸಿತ, ಮತ್ತು ಹೆಲ್ಮೆಟ್ ಅದನ್ನ ತಡೆಯೋದಿಲ್ಲ. ಮೇಲಿಂದ ಉರುಳಿ ಬಂದ ಕಲ್ಲನ್ನ ಹೆಲ್ಮೆಟ್ ತಡೆಯುತ್ತೆ. ಟನ್‌ಗಟ್ಟಲೆ ಮಣ್ಣನ್ನ ಅಲ್ಲ.

ಒಂದು ಘನ ಅಡಿ, ಒಂದು ಸಿಮೆಂಟ್ ಚೀಲ

ಮೊದಲು ಅವರನ್ನ ಟ್ರೆಂಚಿನಿಂದ ದೂರ ನಿಲ್ಲಿಸಿ ಹಿಂಗೆ ಕೇಳ್ತೀನಿ: "ನೋಡ್ರಪ್ಪಾ, ಮೇಲಿಂದ ಒಂದು ಬುಟ್ಟಿ ಮಣ್ಣು ಬಿದ್ರೆ ಏನಾಗುತ್ತೆ?" ನಗ್ತಾರೆ. "ಕೊಡವಿಕೊಂಡು ಎದ್ದು ಬರ್ತೀವಿ ಸಾರ್" ಅಂತಾರೆ. ಹೊಲದಲ್ಲಿ ದುಡಿದು ಬೆಳೆದವರು, ಮಣ್ಣು ಅಂದ್ರೆ ಅವರಿಗೆ ಭಯ ಇಲ್ಲ. ಆ ಧೈರ್ಯನೇ ಇಲ್ಲಿ ಅಪಾಯ.

ಆಮೇಲೆ ಲೆಕ್ಕ ಹೇಳ್ತೀನಿ. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಮಣ್ಣು ಹೆಚ್ಚು ಕಡಿಮೆ ಒಂದು ಸಿಮೆಂಟ್ ಚೀಲದಷ್ಟು, ಅಂದ್ರೆ ಸುಮಾರು 50 ಕೆಜಿ ತೂಗುತ್ತೆ. ನಮ್ಮ ಟ್ರೆಂಚ್ ಎಂಟಡಿ ಆಳ ಅಂತ ಇಟ್ಟುಕೊಳ್ಳಿ. ಅದರ ಒಂದು ಗೋಡೆಯಿಂದ ಆರಡಿ ಉದ್ದ, ಒಂದೂವರೆ ಅಡಿ ದಪ್ಪದ ಒಂದು ಹೋಳು ಕಳಚಿಕೊಂಡ್ತು ಅನ್ನಿ. ಆರು, ಎಂಟು, ಒಂದೂವರೆ ಗುಣಿಸಿ. 72 ಘನ ಅಡಿ. ಅಂದ್ರೆ 70 ಸಿಮೆಂಟ್ ಚೀಲ ಒಟ್ಟಿಗೆ, ಒಂದೇ ಸೆಕೆಂಡಿನಲ್ಲಿ ನಿಮ್ಮ ಮೈಮೇಲೆ. ಅದು ಬುಟ್ಟಿ ಮಣ್ಣಿನ ಥರ ಉದುರಲ್ಲ, ಗೋಡೆ ಬಿದ್ದ ಹಂಗೆ ಬೀಳುತ್ತೆ.

ತಲೆ ಹೊರಗಿದ್ರೂ ಸಾವು ತಪ್ಪುತ್ತೆ ಅಂತ ಹೇಳೋಕಾಗಲ್ಲ. ಎದೆವರೆಗೆ ಮಣ್ಣು ಬಿಗಿದಾಗ ಉಸಿರು ಬಿಟ್ಟ ಪ್ರತಿ ಸಲ ಎದೆ ಒಂದಿಷ್ಟು ಕುಗ್ಗುತ್ತೆ, ಆ ಜಾಗಕ್ಕೆ ಮಣ್ಣು ಇಳಿದು ಕೂರುತ್ತೆ. ಮತ್ತೆ ಉಸಿರು ಎಳೆಯೋಕೆ ಎದೆಗೆ ಹಿಗ್ಗಲು ಜಾಗ ಇರಲ್ಲ. ಇದನ್ನ ಹೇಳಿದಾಗ ನಗು ನಿಲ್ಲುತ್ತೆ.

ಮೂರು ಅಳತೆ

ನಂತರ ಮೂರೇ ಅಳತೆ ಕಲಿಸ್ತೀನಿ. ಇವು ನನ್ನ ಸ್ವಂತದ್ದಲ್ಲ, ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ಷರತ್ತುಗಳಲ್ಲಿರೋ ಸುರಕ್ಷತಾ ನಿಯಮ. ಅಲ್ಲಿ ಮೀಟರಿನಲ್ಲಿದೆ, ನಾನು ಅಡಿಗೆ ಬದಲಿಸಿ ಹೇಳ್ತೀನಿ.

ಮೊದಲನೇದು ಆಳ. ಒಂದೂವರೆ ಮೀಟರ್, ಅಂದ್ರೆ ಐದಡಿ ಮುಟ್ಟಿದ ಟ್ರೆಂಚಿನ ಗೋಡೆ ನೇರಕ್ಕೆ ನಿಂತಿರಬಾರದು. ಒಂದೋ ಅದನ್ನ ಇಳಿಜಾರಾಗಿ ಅಥವಾ ಮೆಟ್ಟಿಲಾಗಿ ಕತ್ತರಿಸಿರಬೇಕು, ಇಲ್ಲಾ ಎರಡೂ ಬದಿಗೆ ಹಲಗೆ ಕೊಟ್ಟು ನಡುವೆ ಅಡ್ಡ ಆಸರೆ ಬಿಗಿದಿರಬೇಕು. ಟೇಪು ಹುಡುಕೋದು ಬೇಡ. ನಿಮ್ಮ ಗದ್ದದವರೆಗೆ ಟ್ರೆಂಚ್ ಬರುತ್ತೆ ಅಂತ ಕಂಡ್ರೆ ಇಳೀಬೇಡಿ, ಕರೀರಿ.

ಎರಡನೇದು ರಾಶಿ. ಅಗೆದ ಮಣ್ಣು ಅಂಚಿನಿಂದ ಐದಡಿ ಅಥವಾ ಆಳದ ಅರ್ಧ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು ದೂರ ಇರಬೇಕು. ಎಂಟಡಿ ಟ್ರೆಂಚಿಗೆ ಅರ್ಧ ಅಂದ್ರೆ ನಾಲ್ಕು, ಹಾಗಾಗಿ ಐದಡಿ. ಹನ್ನೆರಡು ಅಡಿ ಟ್ರೆಂಚಿಗೆ ಆರಡಿ. ಜೆಸಿಬಿಯವರಿಗೆ ಅಂಚಿನಲ್ಲೇ ಸುರಿಯೋದು ಸುಲಭ, ಆದರೆ ಆ ರಾಶಿಯ ತೂಕವೇ ಗೋಡೆಯನ್ನ ಒಳಕ್ಕೆ ತಳ್ಳುತ್ತೆ. ಪೈಪು, ಟ್ರ್ಯಾಕ್ಟರ್, ಬೈಕು ಇವುಗಳನ್ನೂ ನಾನು ಅಂಚಿಗೆ ಬಿಡಲ್ಲ.

ಮೂರನೇದು ಏಣಿ. ನಾಲ್ಕಡಿ ದಾಟಿದ ಟ್ರೆಂಚಿನಲ್ಲಿ ಪ್ರತಿ 30 ಮೀಟರಿಗೆ ಒಂದಾದರೂ ಏಣಿ ಬೇಕು, ಅದರ ತುದಿ ನೆಲಕ್ಕಿಂತ ಮೂರಡಿ ಮೇಲೆ ಬರಬೇಕು. ಮೇಲೆ ಹತ್ತೋವಾಗ ಕೈಗೆ ಹಿಡಿ ಸಿಗಲಿ ಅಂತ ಆ ಮೂರಡಿ. ಜೆಸಿಬಿ ಬಕೆಟ್‌ನಲ್ಲಿ ಕೂತು ಇಳಿಯೋದು, ಅಡ್ಡ ಆಸರೆ ಹಿಡಿದು ಹತ್ತೋದು ಎರಡೂ ನಮ್ಮಲ್ಲಿಲ್ಲ.

ನೇರಕ್ಕೆ ಕಡಿಯೋದು ಯಾಕೆ?

ನಿಯಮ ಇಷ್ಟು ಸರಳ ಇದ್ರೆ ಎಲ್ಲ ಕಡೆ ಯಾಕೆ ಪಾಲಿಸಲ್ಲ ಅಂತ ನೀವು ಕೇಳಬಹುದು. ಉತ್ತರ ಜಾಗದಲ್ಲಿದೆ. ತಳದಲ್ಲಿ ನಾಲ್ಕಡಿ ಅಗಲ, ಎಂಟಡಿ ಆಳದ ಟ್ರೆಂಚನ್ನ ಒಂದಕ್ಕೆ ಒಂದರ ಇಳಿಜಾರಿನಲ್ಲಿ, ಅಂದ್ರೆ ಒಂದಡಿ ಆಳಕ್ಕೆ ಒಂದಡಿ ಹಿಂದೆ ಸರಿದು ಕತ್ತರಿಸಿದ್ರೆ ಮೇಲೆ ಅದರ ಅಗಲ ಇಪ್ಪತ್ತು ಅಡಿ ಆಗುತ್ತೆ. ಆ ಬದಿಗೆ ಯಾರದೋ ಮೆಕ್ಕೆಜೋಳ, ಈ ಬದಿಗೆ ಟಾರ್ ರಸ್ತೆ. ರೈತರು ಒಪ್ಪಲ್ಲ, ರಸ್ತೆ ಬಿಡಲ್ಲ. ಅಗೆಯೋ ಮಣ್ಣೂ ಮೂರು ಪಟ್ಟಾಗುತ್ತೆ, ಡೀಸೆಲ್ ಖರ್ಚೂ ಏರುತ್ತೆ. ಅಂಥ ಕಡೆ ಹಲಗೆ ಆಸರೆ ಕೊಡಬೇಕು, ಅದಕ್ಕೂ ಹಣ, ಸಮಯ ಬೇಕು. ಎರಡೂ ಬೇಡ ಅನ್ನೋರು ನೇರಕ್ಕೆ ಕಡಿದು "ಹತ್ತು ನಿಮಿಷದ ಕೆಲಸ, ಬೇಗ ಇಳಿದು ಬನ್ನಿ" ಅಂತಾರೆ. ಆ ಹತ್ತು ನಿಮಿಷದ ಬಗ್ಗೆ ನನ್ನ ಮಾತು ಖಡಕ್ಕಾಗಿರುತ್ತೆ: "ಮೇಸ್ತ್ರಿ ಹೇಳಿದ್ರೂ ಇಳೀಬೇಡ್ರಿ. ಇಂಜಿನಿಯರ್ ಬಂದು ನೋಡ್ಲಿ ಅನ್ನಿ. ಆ ದಿನದ ಕೂಲಿ ಕಡಿತ ಆಗಲ್ಲ." ಈ ಮಾತನ್ನ ಮೇಸ್ತ್ರಿಯ ಎದುರಿಗೇ ಹೇಳ್ತೀನಿ. ಕೂಲಿ ಹೋಗುತ್ತೆ ಅನ್ನೋ ಭಯ ಇರೋವರೆಗೆ ಯಾವ ನಿಯಮವೂ ನಿಲ್ಲಲ್ಲ.

ಕೆಲವರು ಆಳ ಕಡಿಮೆ ಇದ್ದಾಗಲೂ ಸಿಕ್ಕಿಬೀಳೋದು ಪೈಪು ಸೇರಿಸೋ ಜಾಗದಲ್ಲಿ. ಕಬ್ಬಿಣದ ಪೈಪಿನ ಸುತ್ತ ವೆಲ್ಡಿಂಗ್ ಮಾಡಬೇಕಂದ್ರೆ ಜಾಯಿಂಟಿನ ಕೆಳಗೆ ಇನ್ನೂ ಒಂದೆರಡು ಅಡಿ ತೋಡಿ ವೆಲ್ಡರ್ ಅಲ್ಲಿ ಮಲಗಬೇಕಾಗುತ್ತೆ. ಟ್ರೆಂಚ್ ನಾಲ್ಕೂವರೆ ಅಡಿ ಅಂತ ಬಿಟ್ಟಿದ್ರೆ ಆ ಗುಂಡಿ ಸೇರಿ ಆರಡಿ ಆಗಿರುತ್ತೆ, ಮಲಗಿದವನು ಓಡಲೂ ಆಗಲ್ಲ. ಅದಕ್ಕೇ ಆಗೋ ಕಡೆಯೆಲ್ಲ ನಾಲ್ಕೈದು ಪೈಪನ್ನ ಮೇಲೆಯೇ ವೆಲ್ಡ್ ಮಾಡಿ, ಆಮೇಲೆ ಯಂತ್ರದಿಂದ ಇಳಿಸ್ತೀವಿ. ಕೆಳಗೆ ಇಳಿಯೋ ಜನ ಕಡಿಮೆ ಆದಷ್ಟೂ ಒಳ್ಳೇದು.

ಮಣ್ಣು ಮೊದಲೇ ಹೇಳುತ್ತೆ

ಒಂದೊಂದು ತಾಲ್ಲೂಕಿನ ಮಣ್ಣು ಒಂದೊಂದು ಥರ ಮೋಸ ಮಾಡುತ್ತೆ. ಭದ್ರಾ ನಾಲೆ ನೀರು ಹರಿಯೋ ಚನ್ನಗಿರಿ, ಹೊನ್ನಾಳಿ ಕಡೆ ಗದ್ದೆ, ತೋಟದ ಪಕ್ಕ ಅಗೆದಾಗ ನಿನ್ನೆ ಒಣಗಿದ್ದ ಟ್ರೆಂಚಿನ ತಳದಲ್ಲಿ ಇವತ್ತು ನೀರು ಜಿನುಗಬಹುದು. ನಾಲೆಗೆ ನೀರು ಬಿಟ್ಟಿರ್ತಾರೆ, ನಮಗೆ ಗೊತ್ತಿರಲ್ಲ. ನ್ಯಾಮತಿ ಕಡೆ ಹೊಲದಲ್ಲಿ ಎರೆ ಮಣ್ಣು ಸಿಕ್ಕರೆ, ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟಿರುತ್ತೆ, ಒಂದು ಮಳೆ ಬಿದ್ರೆ ಆ ಬಿರುಕಲ್ಲೇ ನೀರು ಇಳಿದು ಗೋಡೆ ಹೋಳಾಗುತ್ತೆ. ಜಗಳೂರಿನಲ್ಲಿ ಗರಸು ನೆಲ ಕಲ್ಲಿನಂತೆ ಕಾಣುತ್ತೆ, ಗುದ್ದಲಿ ಹೊಡೆದ್ರೆ ಟಣ್ ಅನ್ನುತ್ತೆ. ಜನ ಅದನ್ನೇ ಜಾಸ್ತಿ ನಂಬ್ತಾರೆ. ಆದರೆ ಅದು ಒಣಗ್ತಾ ಒಣಗ್ತಾ ಹಿಡಿತ ಬಿಟ್ಟು ಉದುರೋಕೆ ಶುರು ಮಾಡುತ್ತೆ. ಎಲ್ಲ ಕಡೆಗೂ ಕೆಟ್ಟದ್ದು ಮೊದಲೊಮ್ಮೆ ಅಗೆದು ಮುಚ್ಚಿದ ಜಾಗ. ಹಳೇ ಪೈಪ್‌ಲೈನ್ ಪಕ್ಕದ ಮಣ್ಣು ಮತ್ತೆ ಮೊದಲಿನಷ್ಟು ಗಟ್ಟಿಯಾಗಿ ಕೂತಿರಲ್ಲ.

ಹಾಗಾಗಿ ನಾಲ್ಕು ಗುರುತು ತೋರಿಸ್ತೀನಿ: ಅಂಚಿನಿಂದ ಸ್ವಲ್ಪ ದೂರದಲ್ಲಿ ಟ್ರೆಂಚಿನ ಉದ್ದಕ್ಕೇ ಸಾಗಿದ ಬಿರುಕು, ಗೋಡೆಯಿಂದ ಸುಮ್ಮನೆ ಉದುರೋ ಚೂರು, ತಳದಲ್ಲಿ ಜಿನುಗೋ ನೀರು, ಗೋಡೆಯ ಕೆಳಭಾಗ ಉಬ್ಬಿ ಒಳಕ್ಕೆ ಬಂದಿರೋದು. ಒಂದು ಕಂಡ್ರೂ ಸಾಕು, ಎಲ್ಲರೂ ಮೇಲೆ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಮತ್ತು ಪ್ರತಿ ಮಳೆ ಆದ ಮೇಲೆ ನಾನೋ ಸೂಪರ್‌ವೈಸರೋ ಉದ್ದಕ್ಕೂ ನಡೆದು ನೋಡಿದ ಮೇಲೇ ಇಳಿಯೋದು. ನಿನ್ನೆ ನಿಂತಿತ್ತು ಅನ್ನೋದು ಇವತ್ತಿಗೆ ಪುರಾವೆ ಅಲ್ಲ.

ಇನ್ನೊಂದು ಮಾತು ನೆರಳಿನ ಬಗ್ಗೆ. ಜಗಳೂರಿನ ಬಿಸಿಲಲ್ಲಿ ಸುತ್ತ ಒಂದು ಮರ ಇರಲ್ಲ, ಟ್ರೆಂಚಿನ ಒಳಗೆ ತಂಪು. ಮಧ್ಯಾಹ್ನ ಬುತ್ತಿ ಬಿಚ್ಚೋದು, ಬೆನ್ನು ಆನಿಸಿ ಒರಗೋದು, ಮೊಬೈಲ್ ನೋಡೋದು ಎಲ್ಲ ಅಲ್ಲೇ ಶುರುವಾಗುತ್ತೆ. "ಅಲ್ಲಿ ಕೂರಬೇಡ್ರಿ" ಅಂತ ಹೇಳಿದ್ರೆ ಕೇಳಲ್ಲ. ಅದಕ್ಕೆ ಮೊದಲ ದಿನವೇ ಟಾರ್ಪಾಲ್ ಕಟ್ಟಿ ಮೇಲೆ ನೆರಳು ಮಾಡಿ, ನೀರಿನ ಕ್ಯಾನ್ ಅಲ್ಲೇ ಇಡಿಸ್ತೀನಿ. ನೆರಳು ಮೇಲೆ ಸಿಕ್ಕರೆ ಯಾರೂ ಕೆಳಗೆ ಹೋಗಲ್ಲ.

ಕುಸಿದೇ ಬಿಟ್ಟರೆ

ಕೊನೆಯ ನಿಯಮ ಹೇಳೋಕೆ ಕಷ್ಟ, ಪಾಲಿಸೋಕೆ ಇನ್ನೂ ಕಷ್ಟ. ಜೊತೆಗಾರನ ಮೇಲೆ ಮಣ್ಣು ಬಿದ್ರೆ ತಕ್ಷಣ ಹಾರಬೇಡಿ. ಒಂದು ಬದಿ ಕಳಚಿದ ಮೇಲೆ ಉಳಿದದ್ದು ಸಡಿಲ ಆಗಿರುತ್ತೆ, ಎರಡನೇ ಕುಸಿತ ಬರಬಹುದು, ಅದು ಕಾಪಾಡೋಕೆ ಹೋದವನನ್ನ ಹಿಡಿಯುತ್ತೆ. ಯಂತ್ರ ಎಲ್ಲ ನಿಲ್ಲಿಸಿ, ಅಂಚಿನಿಂದ ಜನರನ್ನ ಹಿಂದೆ ಸರಿಸಿ, 112ಕ್ಕೆ ಫೋನ್ ಮಾಡಿ ಊರು, ರಸ್ತೆ, ಎಷ್ಟು ಜನ ಒಳಗಿದ್ದಾರೆ ಅಂತ ಹೇಳಿ. ಗೋಡೆಗೆ ಆಸರೆ ಕೊಟ್ಟ ಮೇಲೆ ಇಳಿದು ಮೊದಲು ಮುಖ, ಆಮೇಲೆ ಎದೆ ಬಿಡಿಸಬೇಕು, ಅದೂ ಕೈಯಲ್ಲೇ. ಮನುಷ್ಯ ಇರೋ ಕಡೆ ಜೆಸಿಬಿ ಬಕೆಟ್ ಹಾಕಿದ್ರೆ ಮಣ್ಣು ಮಾಡದ ಗಾಯವನ್ನ ಅದು ಮಾಡುತ್ತೆ.

ಇಷ್ಟು ಹೇಳಿದ ಮೇಲೆ ರಿಜಿಸ್ಟರಿಗೆ ಸಹಿ ತಗೊಂಡು ಕಳಿಸಲ್ಲ. ಬಿಹಾರ, ಒಡಿಶಾದಿಂದ ಬಂದವರಿಗೆ ನನ್ನ ಕನ್ನಡ ಪೂರ್ತಿ ತಿಳಿದಿರಲ್ಲ, ಊರಿನವರಿಗೂ ಅರ್ಧ ನೆನಪಿರುತ್ತೆ. ಹಾಗಾಗಿ ಒಬ್ಬೊಬ್ಬರನ್ನೇ ಅಂಚಿನ ಹತ್ತಿರ ಕರೆದು, "ಇಲ್ಲಿ ಇಳೀಬಹುದಾ? ಯಾಕೆ?" ಅಂತ ಕೇಳ್ತೀನಿ. ಕೈ ಸನ್ನೆಯಲ್ಲೇ ಬಿರುಕು ತೋರಿಸಿ, ರಾಶಿ ತೋರಿಸಿ ಬೇಡ ಅಂದ್ರೂ ಸಾಕು. ಉತ್ತರ ಬಾರದವರು ಆ ದಿನ ಮೇಲಿನ ಕೆಲಸಕ್ಕೇ.