ಕಾರ್ಡಿನ ಮೊದಲ ಆರು ಅಂಕಿಗಳು ಯಂತ್ರಕ್ಕೆ ಹೇಳುವುದೇನು?



ಹಾಲಿನ ಬಟವಾಡೆ ಬ್ಯಾಂಕು ಖಾತೆಗೇ ಜಮಾ ಆಗುವಂತಾದ ಮೇಲೆ ನಿಮ್ಮಲ್ಲಿ ಬಹಳ ಮಂದಿಯ ಕೈಗೆ ಎಟಿಎಂ ಕಾರ್ಡು ಬಂದಿದೆ. ಹೈನುಗಾರಿಕೆಗೂ ಕಿಸಾನ್ ಕ್ರೆಡಿಟ್ ಕಾರ್ಡು ಕೊಡುವುದಾಗಿ 2018-19ರ ಕೇಂದ್ರ ಬಜೆಟ್ಟಿನಲ್ಲಿ ಪ್ರಕಟವಾದ ಮೇಲೆ ಕೆಲವರ ಬಳಿ ಎರಡು ಕಾರ್ಡುಗಳೂ ಇವೆ. ಗುಜರಾತಿನ ಬನಾಸಕಾಂಠಾ ಮತ್ತು ಪಂಚಮಹಲ್ ಜಿಲ್ಲೆಗಳಲ್ಲಿ 2023ರಲ್ಲಿ ಹಾಲು ಸಹಕಾರ ಸಂಘಗಳಿಗೇ ಮೈಕ್ರೋ ಎಟಿಎಂ ಯಂತ್ರ ಕೊಟ್ಟು ಪ್ರಯೋಗವನ್ನೂ ಆರಂಭಿಸಿದರು. ಕಾರ್ಡು ಹಾಕಿದರೆ ಹಣ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಯಾವುದೋ ಬ್ಯಾಂಕಿನ ಯಂತ್ರಕ್ಕೆ ನಿಮ್ಮ ಖಾತೆ ಇನ್ನಾವುದೋ ಬ್ಯಾಂಕಿನಲ್ಲಿದೆ ಎಂದು ಹೇಗೆ ತಿಳಿಯುತ್ತದೆ? ಹಣ ಬಾರದಿದ್ದಾಗ ತಪ್ಪು ಎಲ್ಲಿ ಆಗಿರಬಹುದು? ಇದನ್ನು ತಿಳಿದುಕೊಂಡರೆ ಅನಗತ್ಯವಾದ ಗಾಬರಿ ತಪ್ಪುತ್ತದೆ, ಮೋಸದ ಕರೆಯೊಂದರಿಂದಲೂ ಪಾರಾಗಬಹುದು.

ನಿಮ್ಮ ಕಾರ್ಡನ್ನು ಒಮ್ಮೆ ತೆಗೆದು ನೋಡಿ. ಸಾಮಾನ್ಯವಾಗಿ ಅದರಲ್ಲಿ ನಾಲ್ಕು ನಾಲ್ಕು ಅಂಕಿಗಳ ಗುಂಪಾಗಿ ಹದಿನಾರು ಅಂಕಿಗಳಿರುತ್ತವೆ. ಇದು ನಿಮ್ಮ ಪಾಸ್‌ಬುಕ್ಕಿನಲ್ಲಿರುವ ಖಾತೆ ಸಂಖ್ಯೆ ಅಲ್ಲ. ನಮ್ಮ ಡೇರಿಯ ಡಾಕಿಗೆ ಬರುವ ಹಾಲಿನ ಕ್ಯಾನನ್ನು ನೆನಪಿಸಿಕೊಳ್ಳಿ. ಕ್ಯಾನಿನ ಮೇಲೆ ಬರೆದಿರುವುದು ಸಂಘದ ಸಂಖ್ಯೆ. ಅದನ್ನು ನೋಡಿದ ಕೂಡಲೇ ಇದು ಯಾವ ಸಂಘದ ಹಾಲು, ಯಾವ ಮಾರ್ಗದಲ್ಲಿ ಬಂದದ್ದು ಎಂದು ಡಾಕಿನವರಿಗೆ ತಿಳಿಯುತ್ತದೆ. ಆ ಹಾಲಿನಲ್ಲಿ ರಂಗಮ್ಮನವರದು ಎಷ್ಟು, ಬಸಪ್ಪನವರದು ಎಷ್ಟು ಎಂಬುದು ಡಾಕಿನವರಿಗೆ ಬೇಕಿಲ್ಲ. ಅದು ಸಂಘದ ಪುಸ್ತಕದಲ್ಲಿ, ಸದಸ್ಯರ ಸಂಖ್ಯೆಯ ಎದುರಿಗೆ ಇರುತ್ತದೆ. ಕಾರ್ಡಿನ ಸಂಖ್ಯೆಯೂ ಹೀಗೆಯೇ. ಮೊದಲ ಆರು ಅಂಕಿ, ಈಚೆಗೆ ಎಂಟು ಅಂಕಿ, ಕಾರ್ಡು ಕೊಟ್ಟ ಬ್ಯಾಂಕಿನ ಗುರುತು. ಬ್ಯಾಂಕಿನವರು ಇದನ್ನು ‘ಬಿನ್’ ಎನ್ನುತ್ತಾರೆ. ಅದರ ಮುಂದಿನವು ಆ ಬ್ಯಾಂಕಿನೊಳಗೆ ನಿಮ್ಮ ಕಾರ್ಡನ್ನು ಗುರುತಿಸುವ ಅಂಕಿಗಳು. ಕಟ್ಟಕಡೆಯ ಒಂದು ಅಂಕಿ ಮಾತ್ರ ತಾಳೆ ನೋಡುವುದಕ್ಕೆ. ಸಂಖ್ಯೆಯನ್ನು ಬೆರಳಿನಿಂದ ಒತ್ತುವಾಗ ಒಂದು ಅಂಕಿ ತಪ್ಪಿದರೆ ಲೆಕ್ಕ ಕೂಡದೆ ಯಂತ್ರ ಅಲ್ಲಿಯೇ ನಿರಾಕರಿಸುತ್ತದೆ.

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮ ಕಾರ್ಡು 607123 ಎಂದು ಆರಂಭವಾಗುತ್ತದೆ ಎಂದಿಟ್ಟುಕೊಳ್ಳಿ. (ಇದು ವಿವರಣೆಗಾಗಿ ಹೇಳಿದ ಸಂಖ್ಯೆ, ಯಾವ ಬ್ಯಾಂಕಿನದೆಂದೂ ತಿಳಿಯಬೇಡಿ.) ಕಾರ್ಡು ಕೊಟ್ಟದ್ದು ಒಂದು ಜಿಲ್ಲಾ ಸಹಕಾರ ಬ್ಯಾಂಕು. ನೀವು ಸಂತೆಗೆ ಹೋದ ಊರಿನಲ್ಲಿ ಬೇರೊಂದು ಬ್ಯಾಂಕಿನ ಎಟಿಎಂಗೆ ಕಾರ್ಡು ಹಾಕಿ, ಗುಪ್ತ ಸಂಖ್ಯೆ ಒತ್ತಿ, 2,000 ರೂಪಾಯಿ ಕೇಳಿದಿರಿ. ಆ ಯಂತ್ರ ತಾನಾಗಿ ಏನನ್ನೂ ನಿರ್ಧರಿಸುವುದಿಲ್ಲ. ಕಾರ್ಡಿನ ಸಂಖ್ಯೆ, ಕೇಳಿದ ಮೊತ್ತ, ಗುಪ್ತ ಲಿಪಿಗೆ ತಿರುಗಿಸಿದ ಪಿನ್ ಇವಿಷ್ಟನ್ನೂ ತನ್ನ ಬ್ಯಾಂಕಿನ ಕೇಂದ್ರ ಕಂಪ್ಯೂಟರಿಗೆ ಕಳಿಸುತ್ತದೆ. ಆ ಕಂಪ್ಯೂಟರಿಗೆ ‘ಸ್ವಿಚ್’ ಎಂದು ಹೆಸರು. ನಮ್ಮ ಮಾರ್ಗಪಟ್ಟಿ ಇದ್ದಂತೆ ಅದರ ಬಳಿ ಒಂದು ದೊಡ್ಡ ಪಟ್ಟಿ ಇರುತ್ತದೆ. ಯಾವ ಅಂಕಿಗಳಿಂದ ಆರಂಭವಾಗುವ ಕಾರ್ಡನ್ನು ಯಾವ ಕಡೆಗೆ ಕಳಿಸಬೇಕು ಎಂಬ ಪಟ್ಟಿ ಅದು.

ಸ್ವಿಚ್ ಮೊದಲು ನೋಡುವುದು, 607123 ನಮ್ಮದೇ ಬ್ಯಾಂಕಿನ ಗುರುತೇ ಎಂದು. ಹೌದಾದರೆ ಹೊರಗೆ ಹೋಗುವ ಕೆಲಸವಿಲ್ಲ, ತನ್ನ ಲೆಕ್ಕಪುಸ್ತಕವನ್ನೇ ನೋಡಿ ಹಣ ಕೊಡುತ್ತದೆ. ಇಲ್ಲಿ ಅಲ್ಲ. ಆದುದರಿಂದ ಅದು ವಿಷಯವನ್ನು ಎಲ್ಲ ಬ್ಯಾಂಕುಗಳ ನಡುವೆ ಇರುವ ಜಾಲಕ್ಕೆ ದಾಟಿಸುತ್ತದೆ. ಭಾರತದಲ್ಲಿ ಎಟಿಎಂಗಳಿಗೆ ಇಂತಹ ಜಾಲವೆಂದರೆ ನ್ಯಾಷನಲ್ ಫೈನಾನ್ಷಿಯಲ್ ಸ್ವಿಚ್. ಇದು 2004ರಲ್ಲಿ ಆರಂಭವಾಯಿತು, 2009ರಿಂದ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಇದನ್ನು ನಡೆಸುತ್ತಿದೆ. ಆ ಜಾಲದ ಬಳಿಯೂ ಒಂದು ಪಟ್ಟಿ ಇದೆ. ಅದರಲ್ಲಿ 607123ರ ಎದುರಿಗೆ ನಿಮ್ಮ ಸಹಕಾರ ಬ್ಯಾಂಕಿನ ಹೆಸರು ಸಿಗುತ್ತದೆ. ಸಣ್ಣ ಸಹಕಾರ ಬ್ಯಾಂಕುಗಳು ಅನೇಕ ವೇಳೆ ನೇರವಾಗಿ ಜಾಲಕ್ಕೆ ಸೇರಿರದೆ ದೊಡ್ಡ ಬ್ಯಾಂಕೊಂದರ ಆಶ್ರಯದಲ್ಲಿ ಸೇರಿರುತ್ತವೆ. ಆಗ ಇನ್ನೊಂದು ಮೆಟ್ಟಿಲು ಹೆಚ್ಚಾಗುತ್ತದೆ. ಕೊನೆಗೆ ನಿಮ್ಮ ಬ್ಯಾಂಕು ಪೂರ್ತಿ ಸಂಖ್ಯೆಯನ್ನು ನೋಡಿ, ಪಿನ್ ಸರಿಯೇ, ಖಾತೆಯಲ್ಲಿ ಹಣವಿದೆಯೇ ಎಂದು ಪರಿಶೀಲಿಸಿ, ಮೊತ್ತವನ್ನು ಖರ್ಚು ಹಾಕಿ, ‘ಕೊಡಬಹುದು’ ಎಂದು ಬಂದ ದಾರಿಯಲ್ಲೇ ಉತ್ತರ ಕಳಿಸುತ್ತದೆ. ಇಷ್ಟೆಲ್ಲ ಆಗುವುದು ಕೆಲವೇ ಸೆಕೆಂಡುಗಳಲ್ಲಿ.

ಕಾರ್ಡಿನ ಮೊದಲ ಅಂಕಿ ನೋಡಿಯೇ ಎಲ್ಲವನ್ನೂ ಹೇಳಬಹುದು ಎಂದು ಕೆಲವರು ಹೇಳುವುದುಂಟು. ಅದು ಅರ್ಧ ಮಾತ್ರ ನಿಜ. 4ರಿಂದ ಆರಂಭವಾದರೆ ವೀಸಾ ಜಾಲ. 51ರಿಂದ 55ರವರೆಗಿನವು ಮಾಸ್ಟರ್‌ಕಾರ್ಡ್. 2221ರಿಂದ 2720ರವರೆಗಿನವನ್ನೂ ಆಮೇಲೆ ಅದಕ್ಕೇ ಕೊಟ್ಟರು. ನಮ್ಮ ದೇಶದ್ದೇ ಆದ ರುಪೇ ಕಾರ್ಡು 2012ರಲ್ಲಿ ಬಂದದ್ದು. ಅಷ್ಟು ಹೊತ್ತಿಗೆ ಬೇರೆಯವರು ಅಂಕಿಗಳನ್ನು ಹಂಚಿಕೊಂಡಾಗಿತ್ತು. ಹಾಗಾಗಿ ರುಪೇ ಕಾರ್ಡುಗಳು 60, 65, 81, 82, 508 ಹೀಗೆ ಬೇರೆ ಬೇರೆ ಕಡೆ ಚದುರಿವೆ. ತೊಡಕು ಇರುವುದು 6ರಲ್ಲಿ. 6011 ಎಂದು ಆರಂಭವಾಗುವ ಕಾರ್ಡು ಅಮೆರಿಕದ ಡಿಸ್ಕವರ್ ಜಾಲದ್ದು, 607 ಎಂದು ಆರಂಭವಾಗುವ ನಮ್ಮ ಉದಾಹರಣೆಯ ಕಾರ್ಡು ರುಪೇ. ಮೊದಲ ಎರಡು ಅಂಕಿ ಎರಡರಲ್ಲೂ ಒಂದೇ! ಆದ್ದರಿಂದ ಸ್ವಿಚ್ ಒಂದೆರಡು ಅಂಕಿಗೆ ತೃಪ್ತಿಪಡುವುದಿಲ್ಲ. ಪಟ್ಟಿಯಲ್ಲಿ ಅತಿ ಹೆಚ್ಚು ಅಂಕಿಗಳು ಹೊಂದುವ ಸಾಲು ಯಾವುದೋ ಅದನ್ನೇ ಹಿಡಿಯುತ್ತದೆ.

ಇಷ್ಟು ತಿಳಿದ ಮೇಲೆ ಯಂತ್ರ ಕೈಕೊಡುವುದು ಹೇಗೆ ಎಂಬುದು ಸುಲಭವಾಗಿ ಅರ್ಥವಾಗುತ್ತದೆ. ಸದಸ್ಯರೊಬ್ಬರಿಗೆ ಬ್ಯಾಂಕಿನಿಂದ ಹೊಸ ಕಾರ್ಡು ಬಂತು. ಊರಿನ ಅಂಗಡಿಯಲ್ಲಿದ್ದ ಮೈಕ್ರೋ ಎಟಿಎಂನಲ್ಲಿ ಹಾಕಿದರೆ ‘ವಹಿವಾಟು ವಿಫಲ’ ಎಂದು ಬಂದು, ಚೀಟಿಯಲ್ಲಿ 15 ಎಂಬ ಅಂಕಿ ಅಚ್ಚಾಗಿತ್ತು. ಖಾತೆಯನ್ನೇ ಮುಚ್ಚಿಬಿಟ್ಟರೇನೋ, ಹಸುವಿನ ಸಾಲದ ಕಂತಿಗೆ ಹಣ ಹಿಡಿದುಕೊಂಡರೇನೋ ಎಂದು ಅವರು ಗಾಬರಿಯಾದರು. ಅದೇ ದಿನ ತಾಲ್ಲೂಕು ಕೇಂದ್ರದ ಇನ್ನೊಂದು ಎಟಿಎಂನಲ್ಲಿ ಅದೇ ಕಾರ್ಡಿಗೆ ಸಲೀಸಾಗಿ ಹಣ ಬಂತು. ಕಾರಣ ಇಷ್ಟೇ. ಬ್ಯಾಂಕು ಹೊಸ ಕಾರ್ಡುಗಳಿಗೆ ಹೊಸ ಬಿನ್ ಪಡೆದಿತ್ತು. ಮೊದಲ ಯಂತ್ರದ ಹಿಂದಿದ್ದ ಪಟ್ಟಿಯಲ್ಲಿ ಆ ಹೊಸ ಸಾಲು ಇನ್ನೂ ಸೇರಿರಲಿಲ್ಲ. 15 ಎಂದರೆ ‘ಇಂತಹ ಬ್ಯಾಂಕು ಇಲ್ಲ’ ಎಂದು ಅರ್ಥ. ಹೊಸದಾಗಿ ಆರಂಭವಾದ ಸಂಘದ ಸಂಖ್ಯೆ ಡಾಕಿನ ಪುಸ್ತಕಕ್ಕೆ ಏರದಿದ್ದರೆ ಕ್ಯಾನು ಪಕ್ಕಕ್ಕೆ ಉಳಿಯುತ್ತದಲ್ಲ, ಹಾಗೆ. ಹಾಲಿನದೇನೂ ದೋಷವಿಲ್ಲ.

ಚೀಟಿಯಲ್ಲಿ ಕಾಣುವ ಇನ್ನು ಮೂರು ಅಂಕಿಗಳನ್ನು ನೆನಪಿಟ್ಟರೆ ಸಾಕು. 91 ಎಂದರೆ ದಾರಿ ಸರಿಯಾಗಿ ಸಿಕ್ಕಿದೆ, ಆದರೆ ನಿಮ್ಮ ಬ್ಯಾಂಕಿನ ಕಂಪ್ಯೂಟರು ಉತ್ತರ ಕೊಡುತ್ತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು. 55 ಎಂದರೆ ಪಿನ್ ತಪ್ಪು, 51 ಎಂದರೆ ಖಾತೆಯಲ್ಲಿ ಅಷ್ಟು ಹಣವಿಲ್ಲ. ಕೊನೆಯ ಎರಡು ಬಂದರೆ ವಿಷಯ ನಿಮ್ಮ ಬ್ಯಾಂಕಿನವರೆಗೆ ತಲುಪಿತ್ತು, ಅಂದರೆ ಮೊದಲ ಅಂಕಿಗಳು ತಮ್ಮ ಕೆಲಸ ಮಾಡಿದ್ದವು. ಕೆಲವು ಯಂತ್ರಗಳು ಅಂಕಿಯನ್ನು ತೋರಿಸದೆ ಮಾತಿನಲ್ಲೇ ಕಾರಣ ಹೇಳುತ್ತವೆ. ಏನಾದರೂ ಇರಲಿ, ಚೀಟಿಯನ್ನು ಎಸೆಯಬೇಡಿ.

ಪಟ್ಟಿಯ ಬಲ ಎಷ್ಟೆಂಬುದು ಬ್ಯಾಂಕುಗಳು ವಿಲೀನವಾದಾಗ ಕಂಡಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿಯೂ, ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿಯೂ ಸೇರಿದವು. ಬ್ಯಾಂಕಿನ ಬೋರ್ಡು ಬದಲಾದರೂ ಜನರ ಕೈಯಲ್ಲಿದ್ದ ಕಾರ್ಡಿನ ಅಂಕಿಗಳು ತಾವಾಗಿ ಬದಲಾಗಲು ಸಾಧ್ಯವಿಲ್ಲವಷ್ಟೆ. ಇಂತಹ ಸಂದರ್ಭದಲ್ಲಿ ಹಳೆಯ ಬಿನ್ ಹಾಗೆಯೇ ಉಳಿದು, ಪಟ್ಟಿಯಲ್ಲಿ ಅದರ ಎದುರಿಗಿರುವ ವಿಳಾಸ ಮಾತ್ರ ಹೊಸ ಬ್ಯಾಂಕಿನ ಕಡೆಗೆ ತಿರುಗುತ್ತದೆ.

ಆರು ಇದ್ದದ್ದು ಎಂಟು ಏಕಾಯಿತು ಎಂದು ಕೇಳಬಹುದು. ಜಗತ್ತಿನಲ್ಲಿ ಕಾರ್ಡು ಕೊಡುವ ಸಂಸ್ಥೆಗಳು ಹೆಚ್ಚಾಗಿ ಆರು ಅಂಕಿಯ ಗುರುತುಗಳು ಸಾಲದಾಗುವ ಸ್ಥಿತಿ ಬಂತು. 2017ರಲ್ಲಿ ಅಂತರರಾಷ್ಟ್ರೀಯ ಮಾನಕವನ್ನು ಎಂಟು ಅಂಕಿಗೆ ಬದಲಿಸಿದರು. ವೀಸಾ ಮತ್ತು ಮಾಸ್ಟರ್‌ಕಾರ್ಡ್ 2022ರ ಏಪ್ರಿಲ್‌ನಿಂದ ಎಂಟಕ್ಕೆ ಹೋದವು. ಕಾರ್ಡಿನ ಒಟ್ಟು ಉದ್ದ ಮಾತ್ರ ಬದಲಾಗಲಿಲ್ಲ. ಇನ್ನೂ ಆರೇ ಅಂಕಿ ನೋಡುವ ಹಳೆಯ ಸ್ವಿಚ್ ಎಲ್ಲಾದರೂ ಉಳಿದಿದ್ದರೆ, ಏಳು ಮತ್ತು ಎಂಟನೆಯ ಅಂಕಿಯಲ್ಲಿ ಮಾತ್ರ ವ್ಯತ್ಯಾಸವಿರುವ ಎರಡು ಬ್ಯಾಂಕುಗಳ ಕಾರ್ಡುಗಳನ್ನು ಅದು ಒಂದೇ ಎಂದು ತಿಳಿದು ತಪ್ಪು ದಾರಿಗೆ ಕಳಿಸಬಹುದು.

ಈಗ ಮೋಸದ ವಿಷಯ. ನಿಮಗೆ ದೂರವಾಣಿ ಕರೆ ಬರುತ್ತದೆ. “ಬ್ಯಾಂಕಿನಿಂದ ಮಾತಾಡ್ತಿದ್ದೇವೆ ಯಜಮಾನ್ರೇ, ನಿಮ್ಮ ಕಾರ್ಡು ಬಂದ್ ಆಗ್ತಿದೆ. ನಿಮ್ಮ ಕಾರ್ಡು 6071 23ರಿಂದ ಶುರುವಾಗುತ್ತೆ, ಹೌದೋ ಅಲ್ವೋ ನೋಡಿಕೊಳ್ಳಿ. ಮುಂದಿನ ನಂಬರು ಓದಿ” ಎನ್ನುತ್ತಾರೆ. ನೋಡಿದರೆ ಅವರು ಹೇಳಿದ್ದು ಸರಿಯಾಗಿಯೇ ಇರುತ್ತದೆ. ಸರಿಯಾಗಿರಲೇಬೇಕು! ಆ ಬ್ಯಾಂಕು ಆ ಬಗೆಯ ಕಾರ್ಡು ಕೊಟ್ಟ ಸಾವಿರಾರು ಜನರಿಗೂ ಮೊದಲ ಆರು ಅಂಕಿ ಅವೇ. ನಿಮ್ಮ ನೆರೆಮನೆಯವರ ಕಾರ್ಡು ತೆಗೆದು ಪಕ್ಕದಲ್ಲಿಟ್ಟು ನೋಡಿದರೆ ನಿಮಗೇ ತಿಳಿಯುತ್ತದೆ. ಕ್ಯಾನಿನ ಮೇಲಿನ ಸಂಘದ ಸಂಖ್ಯೆಯನ್ನು ಹೇಳಿದವನು ನಿಮ್ಮ ಹಾಲಿನ ಲೆಕ್ಕ ಬಲ್ಲವನು ಎಂದಾಗುವುದಿಲ್ಲ. ಅವನಿಗೆ ಗೊತ್ತಿಲ್ಲದ್ದು ಮಿಕ್ಕ ಅಂಕಿಗಳು, ಕಾರ್ಡಿನ ಅವಧಿ, ಹಿಂಬದಿಯ ಮೂರು ಅಂಕಿ ಮತ್ತು ಮೊಬೈಲಿಗೆ ಬರುವ ಒಟಿಪಿ. ಅವನು ಕೇಳುವುದೂ ಅವನ್ನೇ.

ಕಡೆಯದಾಗಿ ಒಂದು ಸಂಗತಿ. ಯಂತ್ರದಿಂದ ಹಣ ಬಾರದೆ ಖಾತೆಯಲ್ಲಿ ಮಾತ್ರ ಕಡಿತವಾದರೆ ಯಂತ್ರವಿಟ್ಟ ಅಂಗಡಿಯವರೊಡನೆ ಜಗಳ ಬೇಡ. ಮೊದಲ ಅಂಕಿಗಳು ಯಾವ ಬ್ಯಾಂಕನ್ನು ತೋರಿಸುತ್ತವೆಯೋ, ಅಂದರೆ ನಿಮಗೆ ಕಾರ್ಡು ಕೊಟ್ಟ ಬ್ಯಾಂಕಿಗೇ ಚೀಟಿ ಸಹಿತ ದೂರು ಕೊಡಿ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಮೈಕ್ರೋ ಎಟಿಎಂ ಸೇರಿ ಯಾವುದೇ ಎಟಿಎಂನಲ್ಲಿ ಹೀಗಾದರೆ ವಹಿವಾಟಿನ ದಿನ ಬಿಟ್ಟು ಐದು ದಿನಗಳೊಳಗೆ ಹಣ ಖಾತೆಗೆ ಮರಳಬೇಕು. ತಡವಾದರೆ ಮೀರಿದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕು ಪರಿಹಾರ ಕೊಡಬೇಕು.