ಕೈಯಲ್ಲಿರುವ ಹಣ, ಬರಬೇಕಾದ ಹಣ

ವಾಸ್ಕೋದ ಮಂಗೋರ್ ಹಿಲ್‌ನಲ್ಲಿ ಉತ್ತರ ಕರ್ನಾಟಕದ ಕುಟುಂಬಗಳು ಬಹಳ. ಅಲ್ಲಿನ ಒಂದು ಸಣ್ಣ ವೆಲ್ಡಿಂಗ್ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಿ. 18 ಮಂದಿ ಕೆಲಸಗಾರರು. ಮಳೆಗಾಲದ ಮೂರು ತಿಂಗಳಲ್ಲಿ ಕೆಲಸ ಅರ್ಧಕ್ಕಿಳಿದಿದೆ, ದೊಡ್ಡ ಗಿರಾಕಿಯ ಬಿಲ್ಲು ಬಂದಿಲ್ಲ. ಸಂಬಳ ಬರುತ್ತದೋ ಇಲ್ಲವೋ ಎಂಬ ಗುಸುಗುಸು ಆಗಲೇ ಶುರುವಾಗಿದೆ. ಈಗ ಮಾಲೀಕ ಎಲ್ಲರಿಗೂ ಒಂದು ಪತ್ರ ಬರೆಯಬೇಕು.

ಬರೆಯುವ ಮೊದಲು ಲೆಕ್ಕ. ಸಂಬಳ, ಪಿಎಫ್, ಬಾಡಿಗೆ, ಕರೆಂಟು ಸೇರಿ ತಿಂಗಳ ಖರ್ಚು 4.5 ಲಕ್ಷ ಎನ್ನೋಣ. ಬ್ಯಾಂಕಿನಲ್ಲಿ 9 ಲಕ್ಷ ಇದೆ, ಗಿರಾಕಿಗಳಿಂದ 6 ಲಕ್ಷ ಬರಬೇಕು. ಎರಡನ್ನೂ ಕೂಡಿಸಿ ಮೂರು ತಿಂಗಳಿಗೆ ಸಾಕು ಎಂದು ಬರೆದುಬಿಡುವುದೇ ಸಾಮಾನ್ಯವಾಗಿ ಆಗುವ ಎಡವಟ್ಟು. ಬರಬೇಕಾದ ಹಣದಿಂದ ಸಂಬಳ ಕೊಡಲಾಗುವುದಿಲ್ಲ. ಖಚಿತವಾಗಿರುವುದು ಎರಡೇ ತಿಂಗಳು.

ಪತ್ರದ ಮೊದಲ ಸಾಲಿನಲ್ಲೇ ಅದು ಬರಲಿ: "ಮುಂದಿನ ಎರಡು ಸಂಬಳಕ್ಕೆ ಬೇಕಾದ ದುಡ್ಡು ಬ್ಯಾಂಕಿನಲ್ಲಿದೆ, ಎರಡೂ ಆಯಾ ತಿಂಗಳ 7ನೇ ತಾರೀಖಿನೊಳಗೆ ಕೈಸೇರುತ್ತವೆ. ಮೂರನೆಯದು ಬಾಕಿ ಬಿಲ್ಲಿನ ಮೇಲೆ ನಿಂತಿದೆ." ಓದುವವನು ಹುಡುಕುವುದು ಇದನ್ನೇ. "ಕಂಪನಿ ಒಂದು ಕುಟುಂಬ" ಎಂಬ ಮಾತಿನಿಂದ ಶುರುಮಾಡಿದರೆ, ಯಾರನ್ನೋ ತೆಗೆಯುತ್ತಾರೆಂದು ಅರ್ಧ ಓದುವಷ್ಟರಲ್ಲೇ ಜನ ಲೆಕ್ಕ ಹಾಕುತ್ತಾರೆ. ಆಮೇಲೆ ಕಾರಣ, ಎರಡು ಸಾಲಿನಲ್ಲಿ. ಅದಾದ ಮೇಲೆ ಯಾವ ಖರ್ಚು ಮೊದಲು ಕಡಿತವಾಗುತ್ತದೆ ಎಂಬುದು. ಆ ಪಟ್ಟಿಯಲ್ಲಿ ಮಾಲೀಕನ ಸ್ವಂತ ಸಂಬಳ ಮೇಲಿರದಿದ್ದರೆ ಉಳಿದ ಸಾಲುಗಳನ್ನು ಯಾರೂ ನಂಬರು.

ಬೆಂಗಳೂರಿನ ಸ್ವಿಗ್ಗಿಯ ಸ್ಥಾಪಕರಲ್ಲೊಬ್ಬರಾದ ಶ್ರೀಹರ್ಷ ಮಜೇಟಿ 2020ರ ಮೇ 18ರಂದು ಸಿಬ್ಬಂದಿಗೆ ಬರೆದ ಪತ್ರ ಇಲ್ಲಿ ನೋಡತಕ್ಕದ್ದು. ಕೊರೊನಾ ಹೊಡೆತದಿಂದ 1,100 ಜನ ಕೆಲಸ ಕಳೆದುಕೊಳ್ಳುತ್ತಾರೆಂದು ಅದರಲ್ಲಿ ನೇರವಾಗಿ ಹೇಳಿದ್ದರು. ನೋಟಿಸ್ ಅವಧಿ ಎಷ್ಟೇ ಇರಲಿ ಕನಿಷ್ಠ 3 ತಿಂಗಳ ಸಂಬಳ, ಆ ವರ್ಷದ ಕೊನೆಯವರೆಗೆ ಕುಟುಂಬಕ್ಕೂ ಆರೋಗ್ಯ ವಿಮೆ ಎಂದೂ ಸ್ಪಷ್ಟಪಡಿಸಿದ್ದರು. ಕಹಿ ಸುದ್ದಿಯ ಪಕ್ಕದಲ್ಲೇ ಅಳೆಯಬಹುದಾದ ಭರವಸೆ ಇದ್ದದ್ದು ಆ ಪತ್ರದ ಬಲ. ಆದರೆ ಜುಲೈನಲ್ಲಿ ಕಂಪನಿ ಇನ್ನೂ 350 ಜನರನ್ನು ಬಿಡಬೇಕಾಯಿತು. "ಇದೇ ಕೊನೆ" ಎಂದು ಯಾವ ಮಾಲೀಕನೂ ಬರೆಯಬಾರದು ಅನ್ನುವುದಕ್ಕೆ ಇಷ್ಟು ಸಾಕು.

ನಮ್ಮ ವೆಲ್ಡಿಂಗ್ ಮಾಲೀಕ "ಯಾರನ್ನೂ ತೆಗೆಯುವುದಿಲ್ಲ" ಎನ್ನುವ ಬದಲು ಹೀಗೆ ಬರೆಯಬಹುದು: "ಸೆಪ್ಟೆಂಬರ್ 30ರವರೆಗೆ ಯಾರ ಕೆಲಸವೂ ಹೋಗುವುದಿಲ್ಲ. ಅಷ್ಟರೊಳಗೆ ಬಿಲ್ಲು ಬರದಿದ್ದರೆ ಮತ್ತೆ ಕೂತು ಮಾತಾಡೋಣ." ಗಡುವು ಇರುವ ಮಾತನ್ನು ಜನ ನಂಬುತ್ತಾರೆ, ತಮ್ಮ ಮನೆಯ ಖರ್ಚನ್ನೂ ಅದರಂತೆ ಹೊಂದಿಸಿಕೊಳ್ಳುತ್ತಾರೆ.

ಓದಲು ಬಾರದವರು ಇರುತ್ತಾರೆ, ಹಾಗಾಗಿ ವಾಟ್ಸ್‌ಆ್ಯಪ್‌ಗೆ ಹಾಕಿ ಕೈತೊಳೆದುಕೊಳ್ಳದೆ ಕಾರ್ಖಾನೆಯಲ್ಲೇ ಎಲ್ಲರೆದುರು ಕನ್ನಡದಲ್ಲಿ ಓದಿ ಹೇಳಿ. ಮೇಸ್ತ್ರಿಗೆ ಮಾತ್ರ ಒಂದು ಗಂಟೆ ಮುಂಚೆ ತಿಳಿಸಿ. ಪ್ರಶ್ನೆಗಳು ಮೊದಲು ಹೋಗುವುದು ಅವನ ಹತ್ತಿರವೇ. ಮುಂದಿನ ಪತ್ರದ ತಾರೀಖನ್ನೂ ಅಲ್ಲೇ ಹೇಳಿ. ಆ ದಿನ ಹೇಳಲು ಹೊಸದೇನೂ ಇಲ್ಲದಿದ್ದರೆ, ಇಲ್ಲ ಎಂದೇ ಬರೆದು ಕಳಿಸಿ.